ಶಾಲಾ ದಾಖಲೆಗಳಿಂದ ಮಾದರಿ ಚೌಕಟ್ಟು ಮತ್ತು ಶಾಲೆಯೊಳಗೆ ವಿಭಾಗಗಳ ಆಯ್ಕೆ

ವಿದ್ಯಾರ್ಥಿಗಳ ಸಮೀಕ್ಷೆಗೆ ಮಕ್ಕಳನ್ನು ನೇರವಾಗಿ ಆರಿಸುವುದು ಅಪರೂಪ. ಒಂದು ಜಿಲ್ಲೆಯ ಅಥವಾ ರಾಜ್ಯದ ಎಂಟನೇ ತರಗತಿಯ ಮಕ್ಕಳೆಲ್ಲರ ಹೆಸರಿರುವ ಪಟ್ಟಿ ಸಮೀಕ್ಷಕರ ಕೈಗೆ ಸಿಗುವುದಿಲ್ಲ. ಸಿಕ್ಕರೂ ಚೀಟಿ ಎತ್ತಿದಂತೆ ಹೆಸರು ಆರಿಸಿದರೆ ಒಂದೊಂದು ಮಗುವಿಗಾಗಿ ಒಂದೊಂದು ಊರಿಗೆ ಹೋಗಬೇಕಾದೀತು. ಆದ್ದರಿಂದ ಆಯ್ಕೆ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲು ಶಾಲೆಗಳ ಪಟ್ಟಿಯಿಂದ ಕೆಲವು ಶಾಲೆಗಳನ್ನು, ಬಳಿಕ ಆ ಶಾಲೆಗಳಲ್ಲಿ ಎ, ಬಿ, ಸಿ ಎಂದು ಹೆಸರಿಟ್ಟ ವಿಭಾಗಗಳ ಪೈಕಿ ಒಂದನ್ನೋ ಎರಡನ್ನೋ ಆರಿಸುತ್ತಾರೆ. ಆಯ್ಕೆಯಾದ ವಿಭಾಗದ ಮಕ್ಕಳೆಲ್ಲರೂ ಪ್ರಶ್ನಾವಳಿಗೆ ಉತ್ತರಿಸುತ್ತಾರೆ. ಮೊದಲ ಹಂತದ ಪಟ್ಟಿಗೆ ಮಾದರಿ ಚೌಕಟ್ಟು ಎಂದು ಹೆಸರು.

ಇಡೀ ವಿಧಾನ ಒಂದು ಷರತ್ತಿನ ಮೇಲೆ ನಿಂತಿದೆ. ಸಮೀಕ್ಷೆಯ ವ್ಯಾಪ್ತಿಗೆ ಬರುವ ಪ್ರತಿ ಮಗುವೂ ಒಂದೇ ಶಾಲೆಯ ಸಾಲಿನಲ್ಲಿ, ಆ ಶಾಲೆಯ ಒಂದೇ ವಿಭಾಗದಲ್ಲಿ, ಒಮ್ಮೆ ಮಾತ್ರ ಸೇರಿರಬೇಕು. ಹೀಗಿದ್ದರೆ ಆ ಮಗು ಮಾದರಿಗೆ ಬರುವ ಸಂಭವನೀಯತೆ ಎಷ್ಟೆಂದು ಲೆಕ್ಕ ಹಾಕಬಹುದು. ಸಂಭವನೀಯತೆ ಗೊತ್ತಿದ್ದರೆ ಮಾದರಿಯ ಮಕ್ಕಳ ಉತ್ತರದಿಂದ ಇಡೀ ಜಿಲ್ಲೆಯ ಅಂದಾಜು ಕಟ್ಟಬಹುದು. ಮಗು ಎರಡು ಕಡೆ ಸೇರಿದರೂ, ಎಲ್ಲಿಯೂ ಸೇರದೆ ಹೋದರೂ ಆ ಲೆಕ್ಕ ತಪ್ಪುತ್ತದೆ.

ಹಿನ್ನೆಲೆ

ದೊಡ್ಡ ಘಟಕಕ್ಕೆ ಹೆಚ್ಚು, ಸಣ್ಣ ಘಟಕಕ್ಕೆ ಕಡಿಮೆ ಅವಕಾಶ ಕೊಟ್ಟು ಆರಿಸುವ ಗಾತ್ರಾನುಪಾತ ಆಯ್ಕೆಯ ಸಿದ್ಧಾಂತವನ್ನು ಅಮೆರಿಕದ ಮೋರಿಸ್ ಹ್ಯಾನ್ಸೆನ್ ಮತ್ತು ವಿಲಿಯಂ ಹರ್ವಿಟ್ಜ್ 1943ರಲ್ಲಿ ಮಂಡಿಸಿದರು. ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಡಿ.ಬಿ. ಲಾಹಿರಿ ಅವರು, ಗಾತ್ರಗಳನ್ನು ಕೂಡುತ್ತ ಹೋಗುವ ಶ್ರಮವಿಲ್ಲದೆ ಇಂಥ ಆಯ್ಕೆ ಮಾಡುವ ಬಗೆಯನ್ನು 1951ರಲ್ಲಿ ತೋರಿಸಿಕೊಟ್ಟರು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಮೆರಿಕದ ರೋಗ ನಿಯಂತ್ರಣ ಕೇಂದ್ರಗಳು 1999ರಲ್ಲಿ ಆರಂಭಿಸಿದ ಜಾಗತಿಕ ಯುವಜನ ತಂಬಾಕು ಸಮೀಕ್ಷೆ ಈ ಎರಡು ಹಂತದ ವಿಧಾನವನ್ನೇ ಬಳಸುತ್ತದೆ. ಭಾರತದಲ್ಲಿ ಅದರ ನಾಲ್ಕನೇ ಸುತ್ತು 2019ರಲ್ಲಿ ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯ ಮೂಲಕ ನಡೆದು, 987 ಶಾಲೆಗಳ 97,302 ವಿದ್ಯಾರ್ಥಿಗಳನ್ನು ಒಳಗೊಂಡಿತು. ಗಣಿತ, ವಿಜ್ಞಾನ ಕಲಿಕೆಯ ಅಂತರರಾಷ್ಟ್ರೀಯ ಅಧ್ಯಯನವಾದ ಟಿಮ್ಸ್ ಕೂಡ ಇಡೀ ವಿಭಾಗವನ್ನೇ ಆರಿಸುತ್ತದೆ. ಪೀಸಾ ಬೇರೆ ದಾರಿ ಹಿಡಿದಿದೆ. ಅದು ಹದಿನೈದು ವಯಸ್ಸಿನವರನ್ನು ಗುರಿಯಾಗಿ ಇಟ್ಟುಕೊಂಡಿರುವುದರಿಂದ, ಆ ವಯಸ್ಸಿನವರ ಹೆಸರುಗಳನ್ನು ಶಾಲೆಯಾದ್ಯಂತ ಪಟ್ಟಿ ಮಾಡಿ, ವಿಭಾಗವನ್ನು ಲೆಕ್ಕಿಸದೆ ಬಿಡಿಬಿಡಿಯಾಗಿ ಮಕ್ಕಳನ್ನು ಆರಿಸುತ್ತದೆ.

ಈ ಲೇಖನದಲ್ಲಿ ವಿವರಿಸಿರುವುದು ಕರ್ನಾಟಕದ ಒಂದು ಜಿಲ್ಲೆಯಲ್ಲಿ ಎಂಟನೇ ತರಗತಿಯ ಮಕ್ಕಳನ್ನು ಸಮೀಕ್ಷಿಸುವ ಸಂದರ್ಭ. ಇಲ್ಲಿನ ದಾಖಲೆಗಳು ಮತ್ತು ಶಾಲಾ ವ್ಯವಸ್ಥೆ ವಾಸ್ತವದವು. ಲೆಕ್ಕ ತೋರಿಸಲು ಬಳಸಿದ ಶಾಲೆಗಳು ಮತ್ತು ಅಂಕಿಗಳು ಮಾತ್ರ ಉದಾಹರಣೆಗಾಗಿ ಕಟ್ಟಿಕೊಂಡವು.

ಚೌಕಟ್ಟಿನ ಮೂಲಗಳು

ಭಾರತದಲ್ಲಿ ಶಾಲೆಗಳ ಚೌಕಟ್ಟಿಗೆ ಮುಖ್ಯ ಆಧಾರ ಯು-ಡೈಸ್ ಪ್ಲಸ್ ದತ್ತಾಂಶ. ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಕಾಲದಲ್ಲಿ, 1990ರ ದಶಕದ ನಡುವಿನಲ್ಲಿ, ಡೈಸ್ ಹೆಸರಿನಲ್ಲಿ ಶುರುವಾದ ಈ ವ್ಯವಸ್ಥೆ 2012–13ರಲ್ಲಿ ಪ್ರೌಢಶಾಲೆಗಳನ್ನೂ ಒಳಗೊಂಡು ಯು-ಡೈಸ್ ಆಯಿತು. 2018–19ರಿಂದ ಆನ್‌ಲೈನ್ ರೂಪಕ್ಕೆ ಬಂದು ಯು-ಡೈಸ್ ಪ್ಲಸ್ ಎನಿಸಿಕೊಂಡಿತು. 2022–23ರಿಂದ ಶಾಲಾವಾರು ಒಟ್ಟು ಸಂಖ್ಯೆಯ ಬದಲು ಪ್ರತಿ ವಿದ್ಯಾರ್ಥಿಯ ಪ್ರತ್ಯೇಕ ವಿವರ ಸಂಗ್ರಹಿಸಲಾಗುತ್ತಿದೆ. ಪ್ರತಿ ಶಾಲೆಗೂ 11 ಅಂಕಿಯ ಡೈಸ್ ಕೋಡ್ ಇದೆ. ಮೊದಲ ಎರಡು ಅಂಕಿ ರಾಜ್ಯದವು, ಕರ್ನಾಟಕಕ್ಕೆ 29. ಮುಂದಿನ ಎರಡು ಜಿಲ್ಲೆ, ಆಮೇಲಿನ ಎರಡು ಬ್ಲಾಕ್, ಮೂರು ಗ್ರಾಮ ಅಥವಾ ವಾರ್ಡ್, ಕೊನೆಯ ಎರಡು ಶಾಲೆಯವು. "ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ" ಎಂಬ ಒಂದೇ ಹೆಸರಿನ ಶಾಲೆಗಳು ಊರೂರಿಗೂ ಇರುವಲ್ಲಿ, ಎರಡು ಪಟ್ಟಿಗಳನ್ನು ಜೋಡಿಸಲು ಹೆಸರಿಗಿಂತ ಈ ಕೋಡ್ ಹೆಚ್ಚು ನಂಬಿಕೆಗೆ ಅರ್ಹ.

ಕರ್ನಾಟಕದಲ್ಲಿ ಇದರ ಜೊತೆಗೆ ಶಿಕ್ಷಣ ಇಲಾಖೆಯ ವಿದ್ಯಾರ್ಥಿ ಸಾಧನೆ ಜಾಡು ಹಿಡಿಯುವ ವ್ಯವಸ್ಥೆ, ಅಂದರೆ ಸ್ಯಾಟ್ಸ್, ಇದೆ. ಶಾಲೆಯಲ್ಲೇ ಇರುವ ಎರಡು ಕಾಗದದ ದಾಖಲೆಗಳು ಎರಡನೇ ಹಂತಕ್ಕೆ ಬೇಕಾಗುತ್ತವೆ. ಮಗು ಶಾಲೆಗೆ ಸೇರಿದ ದಿನ ಹೆಸರು ಬರೆದುಕೊಳ್ಳುವ ದಾಖಲಾತಿ ವಹಿ ಒಂದು. ವಿಭಾಗದ ತರಗತಿ ಶಿಕ್ಷಕರ ಕೈಯಲ್ಲಿ ಇರುವ ಹಾಜರಾತಿ ಪುಸ್ತಕ ಇನ್ನೊಂದು. ದಾಖಲಾತಿ ವಹಿ ಯಾರು ಬಂದರೆಂದು ಹೇಳುತ್ತದೆ. ವರ್ಗಾವಣೆ ಪತ್ರ ಪಡೆಯದೆ ಊರು ಬಿಟ್ಟವರ ಹೆಸರು ಅದರಲ್ಲಿ ಹಾಗೇ ಉಳಿದಿರುತ್ತದೆ. ಈಗ ಯಾರು ಯಾವ ವಿಭಾಗದಲ್ಲಿ ಕೂರುತ್ತಾರೆಂಬುದಕ್ಕೆ ಹಾಜರಾತಿ ಪುಸ್ತಕವೇ ಆಧಾರ.

ಚೌಕಟ್ಟಿನ ಅಂಕಿ ಸಾಮಾನ್ಯವಾಗಿ ಹಿಂದಿನ ವರ್ಷದ್ದಾಗಿರುತ್ತದೆ. ಇದರಿಂದ ಆಯ್ಕೆಗೆ ಧಕ್ಕೆಯಿಲ್ಲ. ಗಾತ್ರದ ಅಂಕಿ ಹಳೆಯದಾದರೂ, ಆ ಅಂಕಿಯನ್ನೇ ಬಳಸಿ ಆರಿಸಿದ್ದೇವೆಂಬುದು ಗೊತ್ತಿರುವವರೆಗೆ ಸಂಭವನೀಯತೆ ಗೊತ್ತೇ ಇರುತ್ತದೆ. ಅಂಕಿ ವಾಸ್ತವಕ್ಕೆ ದೂರವಾದಷ್ಟೂ ಅಂದಾಜಿನ ನಿಖರತೆ ಕುಂದುತ್ತದೆ, ಅಷ್ಟೆ. ಧಕ್ಕೆ ಬರುವುದು ಕಳೆದ ವರ್ಷ ಇಲ್ಲದಿದ್ದ ಶಾಲೆ ಈ ವರ್ಷ ತೆರೆದಾಗ, ಅಥವಾ ಹೊಸದಾಗಿ ಎಂಟನೇ ತರಗತಿ ಆರಂಭವಾದಾಗ. ಅಲ್ಲಿನ ಮಕ್ಕಳಿಗೆ ಮಾದರಿಗೆ ಬರುವ ಅವಕಾಶವೇ ಇರುವುದಿಲ್ಲ. ಇಂಥ ಶಾಲೆಗಳ ಪಟ್ಟಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಿಂದ ಕೇಳಿ ಪಡೆದು ಚೌಕಟ್ಟಿಗೆ ಸೇರಿಸಬೇಕಾಗುತ್ತದೆ.

ಪಟ್ಟಿಯ ಪರಿಷ್ಕರಣೆ

ಕರ್ನಾಟಕದಲ್ಲಿ ಎಂಟನೇ ತರಗತಿ ಎರಡು ಬಗೆಯ ಶಾಲೆಗಳಲ್ಲಿ ಹಂಚಿಹೋಗಿದೆ. ಪ್ರೌಢಶಾಲೆಗಳು ಎಂಟರಿಂದ ಹತ್ತರವರೆಗೆ ನಡೆಯುತ್ತವೆ. ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಹಲವು ಏಳಕ್ಕೆ ನಿಂತರೆ, ಮೇಲ್ದರ್ಜೆಗೇರಿದ ಕೆಲವು ಎಂಟರವರೆಗೂ ಇವೆ. ಸಮೀಕ್ಷಕರು "ಪ್ರೌಢಶಾಲೆಗಳು" ಎಂಬ ವರ್ಗವನ್ನು ಮಾತ್ರ ಆಯ್ದುಕೊಂಡರೆ, ಹಿರಿಯ ಪ್ರಾಥಮಿಕ ಶಾಲೆಯಲ್ಲೇ ಎಂಟನೇ ತರಗತಿ ಓದುವ ಮಕ್ಕಳು ಪೂರ್ತಿಯಾಗಿ ಬಿಟ್ಟುಹೋಗುತ್ತಾರೆ. ಮೇಲ್ದರ್ಜೆಗೇರಿದ ಶಾಲೆಗಳು ಹೆಚ್ಚಾಗಿ ಹಳ್ಳಿಗಳಲ್ಲಿ, ಪ್ರೌಢಶಾಲೆ ದೂರವಿರುವ ಕಡೆ ಇರುವುದರಿಂದ ಬಿಟ್ಟುಹೋಗುವವರು ಉಳಿದವರಂತೆಯೇ ಇರುವುದಿಲ್ಲ. ಆದ್ದರಿಂದ ಶಾಲೆಯ ವರ್ಗ ನೋಡಿ ಸೋಸಬಾರದು. ಎಂಟನೇ ತರಗತಿಯ ದಾಖಲಾತಿ ಸೊನ್ನೆಗಿಂತ ಹೆಚ್ಚಿರುವ ಪ್ರತಿ ಸಾಲನ್ನೂ ಉಳಿಸಿಕೊಳ್ಳಬೇಕು.

ಆಡಳಿತದ ವಿಷಯದಲ್ಲೂ ಇದೇ ಎಚ್ಚರ ಬೇಕು. ಶಿಕ್ಷಣ ಇಲಾಖೆಯ ಶಾಲೆಗಳ ಜೊತೆಗೆ ಅನುದಾನಿತ, ಅನುದಾನರಹಿತ ಶಾಲೆಗಳಿವೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ಬೇರೆ ಇಲಾಖೆಗಳಿಗೆ ಸೇರಿದವು. ಕೇಂದ್ರೀಯ ವಿದ್ಯಾಲಯ, ನವೋದಯ ವಿದ್ಯಾಲಯಗಳು ಕೇಂದ್ರದ ಅಧೀನದವು. ಒಂದು ಇಲಾಖೆಯ ಕಚೇರಿಯಿಂದ ಪಡೆದ ಪಟ್ಟಿಯಲ್ಲಿ ಉಳಿದ ಇಲಾಖೆಗಳ ಶಾಲೆಗಳು ಇರಲೇಬೇಕೆಂದಿಲ್ಲ.

ಎರಡು ಸಲ ಬರುವ ಸಾಲುಗಳು ಇನ್ನೊಂದು ತೊಡಕು. ಕರ್ನಾಟಕ ಪಬ್ಲಿಕ್ ಶಾಲೆಗಳಂತೆ ಒಂದೇ ಆವರಣದ ಪ್ರಾಥಮಿಕ, ಪ್ರೌಢ ಮತ್ತು ಪದವಿಪೂರ್ವ ಹಂತಗಳನ್ನು ಕೂಡಿಸಿದ ಕಡೆ, ವಿಲೀನಕ್ಕೆ ಮೊದಲಿನ ಕೋಡ್‌ಗಳು ಹಳೆಯ ಪಟ್ಟಿಯಲ್ಲಿ ಇನ್ನೂ ಉಳಿದಿರಬಹುದು. ಆಗ ಅದೇ ಮಕ್ಕಳು ಎರಡು ಸಾಲಿನಲ್ಲಿ ಕಾಣಿಸಿಕೊಳ್ಳುತ್ತಾರೆ. ಒಂದೇ ಗ್ರಾಮದ ಕೋಡ್ ಇರುವ, ಎಂಟನೇ ತರಗತಿಯ ಗಂಡು ಮತ್ತು ಹೆಣ್ಣು ಮಕ್ಕಳ ಸಂಖ್ಯೆ ಎರಡೂ ಅಚ್ಚುಕಟ್ಟಾಗಿ ಒಂದೇ ಆಗಿರುವ ಜೋಡಿಗಳನ್ನು ಹುಡುಕಿದರೆ ಇಂಥವು ಬಹುಪಾಲು ಸಿಕ್ಕಿಬೀಳುತ್ತವೆ. ಅನುಮಾನ ಬಂದ ಜೋಡಿಯನ್ನು ಆ ಕ್ಲಸ್ಟರಿನ ಸಿ.ಆರ್.ಪಿ.ಗೆ ಫೋನ್ ಮಾಡಿ ಕೇಳುವುದೇ ಸುಲಭದ ದಾರಿ.

ಕೆಲವು ಶಾಲೆಗಳನ್ನು ಉದ್ದೇಶಪೂರ್ವಕವಾಗಿ ಬಿಡುವುದೂ ಉಂಟು. ವಿಶೇಷ ಮಕ್ಕಳ ಶಾಲೆಗಳಲ್ಲಿ ಸಾಮಾನ್ಯ ಪ್ರಶ್ನಾವಳಿ ನಡೆಯದಿರಬಹುದು. ಬಿಟ್ಟ ಶಾಲೆಗಳನ್ನು ಪಟ್ಟಿಯಿಂದ ಅಳಿಸದೆ, ಕಾರಣದ ಕೋಡ್ ಹಾಕಿ ಬೇರೆ ಇಡಬೇಕು. ಟಿಮ್ಸ್‌ನಲ್ಲಿ ಶಾಲೆಗಳನ್ನೂ, ಶಾಲೆಯೊಳಗೆ ಮಕ್ಕಳನ್ನೂ ಸೇರಿಸಿ ಬಿಟ್ಟವರ ಒಟ್ಟು ಪ್ರಮಾಣ ಗುರಿಗುಂಪಿನ ಶೇ. 5ನ್ನು ಮೀರಬಾರದೆಂಬ ನಿಯಮವಿದೆ.

ಶಾಲೆಗಳ ಆಯ್ಕೆ: ಒಂದು ಲೆಕ್ಕ

ಪರಿಷ್ಕರಿಸಿದ ಪಟ್ಟಿಯಲ್ಲಿ ಎಂಟನೇ ತರಗತಿ ಇರುವ 240 ಶಾಲೆಗಳು, ಒಟ್ಟು 12,000 ಮಕ್ಕಳು ಇದ್ದಾರೆಂದು ಇಟ್ಟುಕೊಳ್ಳೋಣ. ಆರಿಸಬೇಕಾದ ಶಾಲೆಗಳು 30. ಒಟ್ಟು ಮಕ್ಕಳನ್ನು 30ರಿಂದ ಭಾಗಿಸಿದರೆ 400 ಬರುತ್ತದೆ. ಇದು ಆಯ್ಕೆಯ ಅಂತರ. ಶಾಲೆಗಳನ್ನು ಮೊದಲು ತಾಲ್ಲೂಕಿನಂತೆ, ತಾಲ್ಲೂಕಿನೊಳಗೆ ಆಡಳಿತದಂತೆ ಜೋಡಿಸಿ, ಮಕ್ಕಳ ಸಂಖ್ಯೆಯನ್ನು ಮೇಲಿನಿಂದ ಕೂಡುತ್ತ ಹೋಗಬೇಕು. 1ರಿಂದ 400ರೊಳಗೆ ಒಂದು ಯಾದೃಚ್ಛಿಕ ಸಂಖ್ಯೆ ತೆಗೆಯಬೇಕು. ಅದು 137 ಆದರೆ, ಆಯ್ಕೆಯ ಸಂಖ್ಯೆಗಳು 137, 537, 937, 1337 ಹೀಗೆ 400ರ ಹೆಜ್ಜೆಯಲ್ಲಿ ಸಾಗುತ್ತವೆ. ಒಂದೊಂದು ಸಂಖ್ಯೆಯೂ ಯಾವ ಶಾಲೆಯ ಸಂಚಿತ ಮೊತ್ತದ ವ್ಯಾಪ್ತಿಗೆ ಬೀಳುತ್ತದೋ ಆ ಶಾಲೆ ಮಾದರಿಗೆ ಬರುತ್ತದೆ.

| ಶಾಲೆ | ಎಂಟನೇ ತರಗತಿ ಮಕ್ಕಳು | ಸಂಚಿತ ಮೊತ್ತ | ಆಯ್ಕೆಯ ಸಂಖ್ಯೆ |
|---|---|---|---|
| 1 | 64 | 64 | |
| 2 | 38 | 102 | |
| 3 | 126 | 228 | 137 |
| 4 | 22 | 250 | |
| 5 | 90 | 340 | |
| 6 | 180 | 520 | |
| 7 | 45 | 565 | 537 |
| 8 | 75 | 640 | |
| 9 | 210 | 850 | |
| 10 | 30 | 880 | |
| 11 | 112 | 992 | 937 |

ಹೀಗೆ 3, 7 ಮತ್ತು 11ನೇ ಶಾಲೆಗಳು ಬಂದವು. 210 ಮಕ್ಕಳ 9ನೇ ಶಾಲೆ ತಪ್ಪಿಸಿಕೊಂಡು 45 ಮಕ್ಕಳ 7ನೇ ಶಾಲೆ ಬಂದಿದೆ. ದೊಡ್ಡ ಶಾಲೆಗೆ ಅವಕಾಶ ಹೆಚ್ಚಿರುತ್ತದೆಯೇ ಹೊರತು ಅದು ಬಂದೇ ತೀರಬೇಕೆಂದಿಲ್ಲ. 3ನೇ ಶಾಲೆಯ ಸಂಭವನೀಯತೆ 126/400, ಅಂದರೆ 0.315. 7ನೆಯದಕ್ಕೆ 0.1125, 11ನೆಯದಕ್ಕೆ 0.28.

ಪಟ್ಟಿಯನ್ನು ಜೋಡಿಸುವ ಕ್ರಮಕ್ಕೂ ಇಲ್ಲಿ ಕೆಲಸವಿದೆ. ಹೆಜ್ಜೆ ಸಮನಾಗಿರುವುದರಿಂದ ಮಾದರಿ ಎಲ್ಲ ತಾಲ್ಲೂಕು, ಎಲ್ಲ ಬಗೆಯ ಆಡಳಿತಗಳ ಮೇಲೆ ಮಕ್ಕಳ ಸಂಖ್ಯೆಗೆ ತಕ್ಕಂತೆ ತಾನಾಗಿ ಹರಡಿಕೊಳ್ಳುತ್ತದೆ. ಆದರೆ ಅನುಮತಿ ಸಿಗದೆ ಬದಲಿ ಶಾಲೆ ಬೇಕಾದಾಗ ಈ ಕೋಷ್ಟಕದ ಕೊರತೆ ಗೊತ್ತಾಗುತ್ತದೆ. ಆಯ್ಕೆಯಾದ ಶಾಲೆಯ ಪಟ್ಟಿಯಲ್ಲಿನ ಮುಂದಿನ ಶಾಲೆಯನ್ನು ಮೊದಲ ಬದಲಿ, ಹಿಂದಿನದನ್ನು ಎರಡನೆಯ ಬದಲಿ ಎಂದು ಮೊದಲೇ ಗುರುತಿಸಿಡುವುದು ಟಿಮ್ಸ್‌ನ ರೂಢಿ. ಇಲ್ಲಿ ಹಾಗೆ ಮಾಡಿದರೆ 126 ಮಕ್ಕಳ ಶಾಲೆಗೆ 22 ಮಕ್ಕಳ ಶಾಲೆ ಬದಲಿಯಾಗುತ್ತದೆ. ಅದಕ್ಕಾಗಿ ಪ್ರತಿ ಗುಂಪಿನೊಳಗೆ ಶಾಲೆಗಳನ್ನು ಗಾತ್ರದಂತೆ, ಒಂದು ಗುಂಪಿನಲ್ಲಿ ಏರಿಕೆ, ಮುಂದಿನದರಲ್ಲಿ ಇಳಿಕೆಯ ಕ್ರಮದಲ್ಲಿ ಜೋಡಿಸುತ್ತಾರೆ. ಆಗ ಅಕ್ಕಪಕ್ಕದ ಶಾಲೆಗಳು ಗಾತ್ರದಲ್ಲಿ ಹತ್ತಿರವಾಗುತ್ತವೆ. ಬದಲಿ ಶಾಲೆಗೆ ಹೋದರೂ ಮೂಲ ಶಾಲೆ ಒಪ್ಪಲಿಲ್ಲವೆಂಬುದನ್ನು ಪ್ರತಿಕ್ರಿಯೆ ಪ್ರಮಾಣದಲ್ಲಿ ಬೇರೆಯಾಗಿ ತೋರಿಸಲೇಬೇಕು.

ಶಾಲೆಯೊಳಗೆ ವಿಭಾಗದ ಆಯ್ಕೆ

ಶಾಲೆಗೆ ಹೋದ ತಂಡದ ಮೊದಲ ಕೆಲಸ ವಿಭಾಗಗಳ ಪಟ್ಟಿ ಬರೆದುಕೊಳ್ಳುವುದು. 3ನೇ ಶಾಲೆಯಲ್ಲಿ ಹಾಜರಾತಿ ಪುಸ್ತಕಗಳ ಪ್ರಕಾರ ಎ ವಿಭಾಗದಲ್ಲಿ 44, ಬಿ ವಿಭಾಗದಲ್ಲಿ 42, ಸಿ ವಿಭಾಗದಲ್ಲಿ 46, ಒಟ್ಟು 132 ಮಕ್ಕಳಿದ್ದಾರೆ ಎಂದುಕೊಳ್ಳೋಣ. ಚೌಕಟ್ಟಿನಲ್ಲಿದ್ದದ್ದು 126. ಈ ವ್ಯತ್ಯಾಸ ಸಹಜ. ಆದರೆ 126ನ್ನು ಅಳಿಸಿ 132 ಎಂದು ತಿದ್ದುವಂತಿಲ್ಲ, ಏಕೆಂದರೆ ಶಾಲೆ ಆಯ್ಕೆಯಾದದ್ದು 126ರ ಆಧಾರದ ಮೇಲೆ. ಎರಡೂ ಅಂಕಿಗಳನ್ನು ಬೇರೆ ಬೇರೆ ಅಂಕಣದಲ್ಲಿ ಉಳಿಸಿಕೊಳ್ಳಬೇಕು.

ಪಟ್ಟಿ ಮಾಡುವಾಗ ಮಕ್ಕಳು ಹಾಜರಿ ಹೇಳುವ ವಿಭಾಗವನ್ನೇ ಘಟಕವಾಗಿ ಹಿಡಿಯಬೇಕು, ಯಾವುದೋ ಒಂದು ವಿಷಯದ ಪೀರಿಯಡ್ಡನ್ನಲ್ಲ. ಕರ್ನಾಟಕದ ಪ್ರೌಢಶಾಲೆಗಳಲ್ಲಿ ಪ್ರಥಮ ಭಾಷೆಯ ಪೀರಿಯಡ್ಡಿಗೆ ಕನ್ನಡದವರು ಒಂದು ಕೋಣೆಗೆ, ಸಂಸ್ಕೃತ ತೆಗೆದುಕೊಂಡವರು ಇನ್ನೊಂದಕ್ಕೆ ಹೋಗುವುದುಂಟು. ಎರಡು ವಿಭಾಗದ ಸಂಸ್ಕೃತದ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಆ ಹೊತ್ತಿನಲ್ಲಿ "ಎ ವಿಭಾಗ"ದ ಕೋಣೆಯಲ್ಲಿ ಕೂತವರಿಗೆ ಪ್ರಶ್ನಾವಳಿ ಕೊಟ್ಟರೆ, ಎ ವಿಭಾಗದ ಕೆಲವರು ತಪ್ಪಿ, ಬಿ ವಿಭಾಗದ ಕೆಲವರು ಸೇರಿಕೊಳ್ಳುತ್ತಾರೆ. ಅವರ ಸಂಭವನೀಯತೆಯನ್ನು ಆಮೇಲೆ ಲೆಕ್ಕ ಹಾಕಲು ಯಾರಿಗೂ ಆಗದು. ಪೀರಿಯಡ್ ಆಧರಿಸಿ ಆರಿಸಲೇಬೇಕಾದರೆ, ಎಲ್ಲ ಮಕ್ಕಳಿಗೂ ಕಡ್ಡಾಯವಾದ ವಿಷಯವನ್ನು, ಇಲ್ಲವೇ ಇಡೀ ಶಾಲೆಗೆ ಒಂದೇ ಆಗಿರುವ ದಿನದ ಎರಡನೇ ಪೀರಿಯಡ್ಡಿನಂಥ ನಿಗದಿತ ಹೊತ್ತನ್ನು ಹಿಡಿದು, ಆ ಹೊತ್ತಿನ ಎಲ್ಲ ಕೋಣೆಗಳನ್ನೂ ಪಟ್ಟಿ ಮಾಡಬೇಕು.

ಆಯ್ಕೆ ಮುಖ್ಯೋಪಾಧ್ಯಾಯರ ಅಥವಾ ತಂಡದ ಕೈಗೆ ಹೋಗಕೂಡದು. "ಬಿ ವಿಭಾಗದವರಿಗೆ ಇವತ್ತು ಕಿರುಪರೀಕ್ಷೆ ಇದೆ, ಎ ವಿಭಾಗಕ್ಕೆ ಕೊಡಿ" ಎಂಬ ಸಲಹೆಯ ಹಿಂದೆ ಕೆಟ್ಟ ಉದ್ದೇಶ ಇರಬೇಕಾಗಿಲ್ಲ. ಆದರೆ ಅಂಕಗಳ ಆಧಾರದ ಮೇಲೆ ವಿಭಾಗ ಮಾಡುವ ಶಾಲೆಗಳಲ್ಲಿ ಎ ವಿಭಾಗವೆಂದರೆ ಚೆನ್ನಾಗಿ ಓದುವವರ ಗುಂಪು. ಕನ್ನಡ ಮಾಧ್ಯಮದ ಜೊತೆಗೆ ಆಂಗ್ಲ ಮಾಧ್ಯಮದ ವಿಭಾಗವನ್ನೂ ತೆರೆದಿರುವ ಸರ್ಕಾರಿ ಶಾಲೆಗಳಲ್ಲಿ ಎರಡು ವಿಭಾಗಗಳ ಮನೆಯ ಹಿನ್ನೆಲೆಯೂ ಬೇರೆಯಾಗಿರಬಹುದು. ಇದನ್ನು ತಪ್ಪಿಸಲು ಪ್ರತಿ ಶಾಲೆಯ ನಮೂನೆಯ ಮೇಲೆ ಆಯ್ಕೆಯ ಅಂಕಿಗಳನ್ನು ಕಚೇರಿಯಲ್ಲೇ ಮುದ್ರಿಸಿ ಕಳಿಸುತ್ತಾರೆ. ಎರಡು ವಿಭಾಗವಿದ್ದರೆ ಪಟ್ಟಿಯ 1ನೆಯದು, ಮೂರಿದ್ದರೆ 2ನೆಯದು, ನಾಲ್ಕಿದ್ದರೆ 4ನೆಯದು ಎಂಬಂತೆ. ಈ ಅಂಕಿಗಳು ಒಂದೊಂದು ಶಾಲೆಗೂ ಬೇರೆ ಬೇರೆ. ತಂಡ ವಿಭಾಗಗಳನ್ನು ಅಕ್ಷರ ಕ್ರಮದಲ್ಲಿ ಬರೆದು, ಸಂಖ್ಯೆ ಎಣಿಸಿ, ನಮೂನೆ ಹೇಳಿದ ವಿಭಾಗಕ್ಕೆ ಹೋಗುತ್ತದೆ. 3ನೇ ಶಾಲೆಯಲ್ಲಿ ನಮೂನೆ 2 ಎಂದದ್ದರಿಂದ ಬಿ ವಿಭಾಗ ಬಂತು.

ನಿಯಮ ಮುರಿದಿದೆಯೇ ಎಂಬುದನ್ನು ಸಮೀಕ್ಷೆ ಮುಗಿದ ಮೇಲೂ ಪರೀಕ್ಷಿಸಬಹುದು. ಮಾದರಿಯಲ್ಲಿ ಎರಡು ವಿಭಾಗದ 12 ಶಾಲೆಗಳು, ಮೂರು ವಿಭಾಗದ 8 ಶಾಲೆಗಳು ಇದ್ದವೆನ್ನೋಣ. ಆಯ್ಕೆ ಯಾದೃಚ್ಛಿಕವಾಗಿದ್ದರೆ ಎ ವಿಭಾಗ ಸರಾಸರಿ 12/2 ಮತ್ತು 8/3, ಅಂದರೆ ಎಂಟೊಂಬತ್ತು ಶಾಲೆಗಳಲ್ಲಿ ಬರಬೇಕು. ಹತ್ತು ಹನ್ನೊಂದು ಬಂದರೆ ಅಚ್ಚರಿಯಿಲ್ಲ. ಹದಿನಾರು ಬಂದಿದ್ದರೆ ಯಾರೋ ನಡುವೆ ಆರಿಸಿದ್ದಾರೆಂದೇ ತಿಳಿಯಬೇಕು.

ತೂಕ ಮತ್ತು ತಾಳೆ

ಮಗುವಿನ ಒಟ್ಟು ಸಂಭವನೀಯತೆ ಎರಡು ಹಂತಗಳ ಗುಣಲಬ್ಧ. ಅದರ ವ್ಯುತ್ಕ್ರಮವೇ ತೂಕ, ಅಂದರೆ ಮಾದರಿಯ ಒಂದು ಮಗು ಜಿಲ್ಲೆಯ ಎಷ್ಟು ಮಕ್ಕಳ ಪರವಾಗಿ ನಿಲ್ಲುತ್ತದೆ ಎಂಬ ಸಂಖ್ಯೆ. 3ನೇ ಶಾಲೆಯಲ್ಲಿ 0.315ನ್ನು ಮೂರರಲ್ಲೊಂದರಿಂದ ಗುಣಿಸಿದರೆ 0.105, ತೂಕ 9.52. 7ನೇ ಶಾಲೆಯಲ್ಲಿ ಇರುವುದೇ ಒಂದು ವಿಭಾಗ, ತೂಕ 8.89. 11ನೇ ಶಾಲೆಯಲ್ಲಿ ಎರಡು ವಿಭಾಗ, ತೂಕ 7.14. ಶಾಲೆಗಳ ಗಾತ್ರದಲ್ಲಿ ಎರಡು ಮೂರು ಪಟ್ಟು ವ್ಯತ್ಯಾಸವಿದ್ದರೂ ತೂಕಗಳು ಹತ್ತಿರ ಹತ್ತಿರ ಇವೆ. ದೊಡ್ಡ ಶಾಲೆಗೆ ಮೊದಲ ಹಂತದಲ್ಲಿ ಸಿಕ್ಕ ಹೆಚ್ಚಿನ ಅವಕಾಶವನ್ನು ಅಲ್ಲಿನ ಹೆಚ್ಚಿನ ವಿಭಾಗಗಳು ಎರಡನೇ ಹಂತದಲ್ಲಿ ಕಳೆಯುತ್ತವೆ. ಒಂದೇ ವಿಭಾಗ ಆರಿಸುವ ವಿನ್ಯಾಸದಲ್ಲಿ ತೂಕವೆಂದರೆ ಆಯ್ಕೆಯ ಅಂತರವನ್ನು, ಚೌಕಟ್ಟಿನ ಅಂಕಿಯಂತೆ ಬರುವ ಶಾಲೆಯ ಸರಾಸರಿ ವಿಭಾಗ ಗಾತ್ರದಿಂದ ಭಾಗಿಸಿದ್ದು. ಅಂತರ 400, ವಿಭಾಗದ ಸರಾಸರಿ 42 ಆದರೆ 9.52. ವಿಭಾಗಗಳ ಗಾತ್ರ ಎಲ್ಲೆಡೆ ಸಮೀಪವಿದ್ದರೆ ತೂಕಗಳೂ ಸಮೀಪವಿರುತ್ತವೆ. ಗಾತ್ರಾನುಪಾತ ಆಯ್ಕೆಯನ್ನು ವಿಭಾಗದ ಆಯ್ಕೆಯೊಂದಿಗೆ ಜೋಡಿಸುವುದರ ಲಾಭ ಇದು.

ಸಮೀಕ್ಷೆಯ ದಿನ ಬಿ ವಿಭಾಗದ 42 ಮಕ್ಕಳಲ್ಲಿ 36 ಮಂದಿ ಮಾತ್ರ ಬಂದಿದ್ದರೆ, ಆ 36 ಮಂದಿಯ ತೂಕವನ್ನು 42/36ರಿಂದ ಗುಣಿಸಿ 11.11 ಮಾಡುತ್ತಾರೆ. ಹೀಗೆ ಮಾಡಿದಾಗ ಗೈರಾದವರು ಹಾಜರಾದವರಂತೆಯೇ ಇದ್ದಾರೆಂದು ಒಪ್ಪಿಕೊಂಡಂತಾಗುತ್ತದೆ. ತಂಬಾಕು, ದುಡಿಮೆ, ಬಾಲ್ಯವಿವಾಹದಂಥ ವಿಷಯಗಳಲ್ಲಿ ಈ ಊಹೆ ದುರ್ಬಲ. ಹಾಗಾಗಿ ಗೈರುಹಾಜರಾತಿ ಹೆಚ್ಚಿದ್ದರೆ ಇನ್ನೊಂದು ದಿನ ಹೋಗಿ ತಪ್ಪಿದವರಿಂದ ಪ್ರಶ್ನಾವಳಿ ತುಂಬಿಸುವುದು ತೂಕ ಹೆಚ್ಚಿಸುವುದಕ್ಕಿಂತ ಮೇಲು. ಹತ್ತಿ ಬಿಡಿಸುವ ಇಲ್ಲವೇ ಕಾಫಿ ಕೊಯ್ಯುವ ಸುಗ್ಗಿಯ ವಾರಗಳನ್ನು ಮೊದಲೇ ತಪ್ಪಿಸುವುದು ಇನ್ನೂ ಮೇಲು.

ತೂಕಗಳು ಚೌಕಟ್ಟಿನ ದೋಷವನ್ನು ಹಿಡಿಯುವ ಸಾಧನವೂ ಹೌದು. ಆರಿಸಿದ ವಿಭಾಗದ ಹಾಜರಾತಿ ಪುಸ್ತಕದ ಸಂಖ್ಯೆಯನ್ನು ತೂಕದಿಂದ ಗುಣಿಸಿದರೆ ಪ್ರತಿ ಶಾಲೆಯೂ ಸುಮಾರು 400ರಷ್ಟು ಕೊಡಬೇಕು. 3ನೇ ಶಾಲೆ 42 × 9.52, ಅಂದರೆ 400 ಕೊಡುತ್ತದೆ. 7ನೇ ಶಾಲೆಯ ಪುಸ್ತಕದಲ್ಲಿ ಈಗ 48 ಹೆಸರಿದ್ದರೆ 427. ಮೂವತ್ತೂ ಶಾಲೆಗಳ ಮೊತ್ತ 12,000ದ ಆಸುಪಾಸಿನಲ್ಲಿ ಬೀಳಬೇಕು. ಮೊತ್ತ 10,000ಕ್ಕೆ ಕುಸಿದರೆ ಚೌಕಟ್ಟಿನ ದಾಖಲಾತಿ ಉಬ್ಬಿದೆ ಎಂದರ್ಥ. ಶಿಕ್ಷಕ ಹುದ್ದೆಗಳು, ಬಿಸಿಯೂಟದ ಪಡಿತರ, ಸಮವಸ್ತ್ರ ಎಲ್ಲವೂ ದಾಖಲಾತಿಯ ಮೇಲೆ ನಿಂತಿರುವುದರಿಂದ, ಬಾರದ ಮಗುವಿನ ಹೆಸರು ತೆಗೆಯಲು ಶಾಲೆಗೆ ಅವಸರವಿರುವುದಿಲ್ಲ. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಹೊರಹಾಕುವಂತಿಲ್ಲವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಹೇಳುತ್ತದೆ. ಮೊತ್ತ ಯಾವ ತಾಲ್ಲೂಕಿನಲ್ಲಿ, ಯಾವ ಆಡಳಿತದ ಶಾಲೆಗಳಲ್ಲಿ ಕುಸಿಯಿತೆಂದು ಬಿಡಿಸಿ ನೋಡಿದರೆ ಕಾರಣ ಎಲ್ಲಿದೆಯೆಂದು ತಿಳಿಯುತ್ತದೆ.

ತೀರಾ ದೊಡ್ಡ, ತೀರಾ ಸಣ್ಣ ಶಾಲೆಗಳು

ಎಂಟನೇ ತರಗತಿಯಲ್ಲೇ 430 ಮಕ್ಕಳಿರುವ ನಗರದ ಶಾಲೆಯೊಂದು ಪಟ್ಟಿಯಲ್ಲಿದ್ದರೆ ಅದರ ಗಾತ್ರ ಅಂತರವನ್ನೇ ಮೀರುತ್ತದೆ. ಸಂಭವನೀಯತೆ ಒಂದಕ್ಕಿಂತ ಹೆಚ್ಚಿರಲು ಸಾಧ್ಯವಿಲ್ಲ. ಇಂಥ ಶಾಲೆಯನ್ನು ಖಚಿತವಾಗಿ ಆಯ್ಕೆಯಾದದ್ದೆಂದು ಬೇರೆ ಇಟ್ಟು, ಉಳಿದ 11,570 ಮಕ್ಕಳಿಗೆ 29 ಶಾಲೆಗಳ ಲೆಕ್ಕದಲ್ಲಿ ಹೊಸ ಅಂತರ ಕಂಡುಕೊಳ್ಳುತ್ತಾರೆ.

ಸಣ್ಣ ಶಾಲೆಗಳ ತೊಂದರೆ ಇದಕ್ಕಿಂತ ಜಟಿಲ, ಮಲೆನಾಡಿನ ತಾಲ್ಲೂಕುಗಳಲ್ಲಿ ಇಂಥವು ಅಪರೂಪವೂ ಅಲ್ಲ. ಎಂಟನೇ ತರಗತಿಯಲ್ಲಿ ಆರೇ ಮಕ್ಕಳಿರುವ ಶಾಲೆಯ ಸಂಭವನೀಯತೆ 6/400. ಅದು ಬಂದುಬಿಟ್ಟರೆ ಆ ಆರು ಮಕ್ಕಳಲ್ಲಿ ಒಬ್ಬೊಬ್ಬರ ತೂಕ 66.7 ಆಗುತ್ತದೆ. ಉಳಿದ ಮಕ್ಕಳ ತೂಕ 7ರಿಂದ 10ರೊಳಗೆ ಇರುವಾಗ ಈ ಆರು ಜನರ ಉತ್ತರ ಇಡೀ ಅಂದಾಜನ್ನು ಎಳೆದಾಡುತ್ತದೆ. ಇದಕ್ಕೆ ಪರಿಹಾರವಾಗಿ 20ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳ ಗಾತ್ರವನ್ನೆಲ್ಲ ಆಯ್ಕೆಯ ಮಟ್ಟಿಗೆ 20 ಎಂದೇ ಹಿಡಿಯಬಹುದು. ಅಂತರ 400ರಲ್ಲೇ ಇದ್ದರೆ ಸಂಭವನೀಯತೆ 0.05ಕ್ಕೆ ಏರಿ, ತೂಕ 20ಕ್ಕೆ ಇಳಿಯುತ್ತದೆ. ಬೆಲೆಯೂ ಉಂಟು: ಸಣ್ಣ ಶಾಲೆಗಳು ಮಾದರಿಗೆ ಹೆಚ್ಚಾಗಿ ಬರುತ್ತವೆ, ಒಂದು ದಿನದ ಪ್ರಯಾಣಕ್ಕೆ ಆರು ಪ್ರಶ್ನಾವಳಿ ಮಾತ್ರ ಸಿಗುತ್ತವೆ. ಶಾಲೆಯೊಳಗೆ ಒಂದು ವಿಭಾಗ ತೀರಾ ಚಿಕ್ಕದಿದ್ದರೆ, ಆಯ್ಕೆಗೆ ಮೊದಲೇ ಅದನ್ನು ಇನ್ನೊಂದು ವಿಭಾಗದೊಂದಿಗೆ ಕೂಡಿಸಿ ಒಂದೇ ಘಟಕವೆಂದು ಎಣಿಸುತ್ತಾರೆ. ಆಯ್ಕೆಯಾದ ಮೇಲೆ ಕೂಡಿಸುವುದು ನಿಷಿದ್ಧ.

ಗುಂಪಾಗಿ ಆರಿಸುವುದರ ಬೆಲೆ

ಒಂದೇ ಕೋಣೆಯಲ್ಲಿ ಓದುವ ಮಕ್ಕಳು ಒಂದೇ ಊರಿನವರು, ಒಬ್ಬರೇ ಶಿಕ್ಷಕರಿಂದ ಕಲಿತವರು. ಅವರ ಉತ್ತರಗಳಲ್ಲಿ ಹೋಲಿಕೆ ಇರುತ್ತದೆ. ಆದ್ದರಿಂದ 30 ವಿಭಾಗಗಳಿಂದ ಬಂದ 1,200 ಮಕ್ಕಳು, ಬಿಡಿಬಿಡಿಯಾಗಿ ಆರಿಸಿದ 1,200 ಮಕ್ಕಳಷ್ಟು ಮಾಹಿತಿ ಕೊಡುವುದಿಲ್ಲ. ನಷ್ಟವನ್ನು ವಿನ್ಯಾಸ ಪರಿಣಾಮ ಅಳೆಯುತ್ತದೆ:

deff = 1 + (b − 1)ρ

ಇಲ್ಲಿ b ಎಂದರೆ ವಿಭಾಗದ ಸರಾಸರಿ ಮಕ್ಕಳು, ρ ಎಂದರೆ ವಿಭಾಗದೊಳಗಿನ ಹೋಲಿಕೆಯ ಪ್ರಮಾಣ. 40 ಮಕ್ಕಳ ವಿಭಾಗದಲ್ಲಿ ρ 0.02 ಆದರೆ ವಿನ್ಯಾಸ ಪರಿಣಾಮ 1.78. ಆಗ 1,200 ಮಕ್ಕಳು ಸುಮಾರು 674 ಬಿಡಿ ಮಕ್ಕಳಿಗೆ ಸಮ. ρ 0.1 ಆದರೆ ಪರಿಣಾಮ 4.9ಕ್ಕೆ ಏರಿ 1,200 ಮಕ್ಕಳು 245ಕ್ಕೆ ಸಮನಾಗುತ್ತಾರೆ. ಶೇ. 50ರ ಸುಮಾರಿನ ಅಂದಾಜಿಗೆ ದೋಷದ ಅಂಚು ಮೊದಲನೆಯದರಲ್ಲಿ ಶೇ. 3.8, ಎರಡನೆಯದರಲ್ಲಿ ಶೇ. 6.3. ಪರೀಕ್ಷಾ ಅಂಕಗಳಲ್ಲಿ ಈ ಹೋಲಿಕೆ 0.2ನ್ನು ಮೀರುವುದೂ ಅಪರೂಪವಲ್ಲ. ಕಲಿಕೆಯನ್ನು ಅಳೆಯುವ ಟಿಮ್ಸ್ ಪ್ರತಿ ದೇಶದಿಂದ ಕನಿಷ್ಠ 150 ಶಾಲೆಗಳನ್ನು ಕೇಳುವುದರ ಹಿಂದೆ ಈ ಲೆಕ್ಕವಿದೆ.

ಅದೇ ಶಾಲೆಯಲ್ಲಿ ಇನ್ನೊಂದು ವಿಭಾಗವನ್ನು ಸೇರಿಸಿಕೊಳ್ಳೋಣ, ಹೇಗೂ ಹೋಗಿದ್ದೇವಲ್ಲ ಎಂಬ ವಾದ ಸಮೀಕ್ಷೆಯ ಬಜೆಟ್ ಸಭೆಗಳಲ್ಲಿ ಬರುತ್ತದೆ. ಎರಡು ವಿಭಾಗಗಳ ನಡುವೆಯೂ ಅಷ್ಟೇ ಹೋಲಿಕೆ ಇದ್ದು ρ 0.1 ಆಗಿದ್ದರೆ, 30 ಶಾಲೆಗಳಿಂದ 2,400 ಮಕ್ಕಳನ್ನು ತಂದರೂ ಪರಿಣಾಮಕಾರಿ ಗಾತ್ರ 245ರಿಂದ 270ಕ್ಕೆ ಮಾತ್ರ ಏರುತ್ತದೆ. ಅದೇ 2,400 ಮಕ್ಕಳನ್ನು 60 ಶಾಲೆಗಳಿಂದ, ಒಂದೊಂದು ವಿಭಾಗದಂತೆ ತಂದರೆ 490 ಆಗುತ್ತದೆ. ಅಂಕಗಳ ಮೇಲೆ ವಿಭಾಗ ಮಾಡುವ ಶಾಲೆಗಳಲ್ಲಿ ಎರಡನೇ ವಿಭಾಗದಿಂದ ಲಾಭ ಇದಕ್ಕಿಂತ ಹೆಚ್ಚು, ಏಕೆಂದರೆ ಅಲ್ಲಿ ವ್ಯತ್ಯಾಸದ ದೊಡ್ಡ ಪಾಲು ಶಾಲೆಗಳ ನಡುವೆ ಇಲ್ಲದೆ ವಿಭಾಗಗಳ ನಡುವೆ ಇರುತ್ತದೆ. ಶಾಲೆಯ ಒಳಗಿನ ಅಂತರವನ್ನೇ ಅಧ್ಯಯನ ಮಾಡಬೇಕಿದ್ದರೆ ಎರಡು ವಿಭಾಗ ಆರಿಸುವುದು ಅನಿವಾರ್ಯ. ಒಂದೇ ವಿಭಾಗ ಆರಿಸಿದ ದತ್ತಾಂಶದಲ್ಲಿ ಶಾಲೆಯ ಪ್ರಭಾವ ಯಾವುದು, ವಿಭಾಗದ ಪ್ರಭಾವ ಯಾವುದು ಎಂದು ಬೇರ್ಪಡಿಸಲು ಬರುವುದಿಲ್ಲ.

ಮಿತಿಗಳು

ಶಾಲಾ ದಾಖಲೆಯಿಂದ ಕಟ್ಟಿದ ಚೌಕಟ್ಟು ಶಾಲೆಗೆ ಸೇರಿದ ಮಕ್ಕಳನ್ನು ಮಾತ್ರ ಪ್ರತಿನಿಧಿಸುತ್ತದೆ. ಶಾಲೆ ಬಿಟ್ಟವರು, ಕಬ್ಬು ಕಡಿಯಲು ಹೋದ ಕುಟುಂಬಗಳ ಜೊತೆ ಊರೂರು ಅಲೆಯುವವರು ಇದರೊಳಗೆ ಬರುವುದಿಲ್ಲ. "ಎಂಟನೇ ತರಗತಿಯ ಮಕ್ಕಳಲ್ಲಿ" ಎಂದು ವರದಿ ಮಾಡಬಹುದಾದದ್ದನ್ನು "13 ವರ್ಷದ ಮಕ್ಕಳಲ್ಲಿ" ಎಂದು ವಿಸ್ತರಿಸಿದರೆ ತಪ್ಪಾಗುತ್ತದೆ. ಮಾನ್ಯತೆಯಿಲ್ಲದ ಶಾಲೆಯಲ್ಲಿ ಓದುತ್ತ, ಹೆಸರು ಮಾತ್ರ ಮಾನ್ಯತೆ ಪಡೆದ ಇನ್ನೊಂದು ಶಾಲೆಯಲ್ಲಿರುವ ಮಕ್ಕಳು ಚೌಕಟ್ಟಿನಲ್ಲಿದ್ದೂ ಸಮೀಕ್ಷೆಯ ದಿನ ಸಿಗುವುದಿಲ್ಲ. ಗೈರುಹಾಜರಾತಿ ಒಂದೆರಡು ಶಾಲೆಗಳಲ್ಲಿ ಮಾತ್ರ ವಿಪರೀತವಾಗಿದ್ದರೆ ಇದೂ ಒಂದು ಕಾರಣವಿರಬಹುದು.

ಹೀಗಾಗಿ ಇಂಥ ಸಮೀಕ್ಷೆಯ ವರದಿಯಲ್ಲಿ ಫಲಿತಾಂಶಗಳಿಗಿಂತ ಮುಂಚೆ ಓದುಗರು ಹುಡುಕಬೇಕಾದ ಅಂಕಿಗಳು ಕೆಲವೇ: ಚೌಕಟ್ಟು ಯಾವ ವರ್ಷದ್ದು, ಎಷ್ಟು ಮಕ್ಕಳನ್ನು ಯಾವ ಕಾರಣಕ್ಕೆ ಬಿಡಲಾಯಿತು, ಮೂಲ ಶಾಲೆಗಳಲ್ಲಿ ಎಷ್ಟು ಒಪ್ಪಿದವು, ವಿಭಾಗವನ್ನು ಯಾರು ಹೇಗೆ ಆರಿಸಿದರು, ಆರಿಸಿದ ವಿಭಾಗಗಳಲ್ಲಿ ಎಷ್ಟು ಮಕ್ಕಳು ಹಾಜರಿದ್ದರು, ತೂಕಗಳ ಮೊತ್ತ ಚೌಕಟ್ಟಿನ ಒಟ್ಟು ಸಂಖ್ಯೆಗೆ ಎಷ್ಟು ಹತ್ತಿರ ಬಂತು. ಶಾಲೆಗಳ ಮತ್ತು ವಿದ್ಯಾರ್ಥಿಗಳ ಪ್ರತಿಕ್ರಿಯೆ ಪ್ರಮಾಣಗಳನ್ನು ಗುಣಿಸಿಯೇ ಒಟ್ಟು ಪ್ರಮಾಣ ಹೇಳಬೇಕು. 30ರಲ್ಲಿ 27 ಶಾಲೆಗಳು ಒಪ್ಪಿ, ಅವುಗಳಲ್ಲಿ ಶೇ. 85ರಷ್ಟು ಮಕ್ಕಳು ಉತ್ತರಿಸಿದ್ದರೆ ಒಟ್ಟು ಪ್ರತಿಕ್ರಿಯೆ ಶೇ. 76.5 ಆಗುತ್ತದೆ, ಶೇ. 85 ಅಲ್ಲ.